ಶೆಡ್ಯೂಲ್ ಆದ ವಿಡಿಯೋದಲ್ಲಿ ಕನ್ನಡ ಸಬ್‌ಟೈಟಲ್ ಕೆಟ್ಟರೆ

"ನಾಳೆ ಬೆಳಗ್ಗೆಗೆ ಶೆಡ್ಯೂಲ್ ಮಾಡಿದ ಯೂಟ್ಯೂಬ್ ವಿಡಿಯೋಗೆ ಕನ್ನಡ ಸಬ್‌ಟೈಟಲ್ ಹಾಕಿದೆ. ಅಕ್ಷರದ ಬದಲು ಏನೇನೋ ಬರುತ್ತಿದೆ. ಅಳಿಸಿ ಮತ್ತೆ ಹಾಕಬೇಕಾ? ಥಂಬ್‌ನೇಲ್ ಈಗ ಬದಲಿಸಬಹುದಾ?"

ವಿಡಿಯೋ ಅಳಿಸಬೇಡಿ. ಅಳಿಸಿದರೆ ಲಿಂಕ್ ಬದಲಾಗುತ್ತದೆ, ಸಬ್‌ಟೈಟಲ್, ಥಂಬ್‌ನೇಲ್ ಎರಡನ್ನೂ ಮತ್ತೆ ಹಾಕಬೇಕಾಗುತ್ತದೆ. ಶೆಡ್ಯೂಲ್ ಆದ ವಿಡಿಯೋ ಆ ಹೊತ್ತಿನವರೆಗೆ ಪ್ರೈವೇಟ್ ಆಗಿಯೇ ಇರುತ್ತದೆ. ಅಷ್ಟರೊಳಗೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಎರಡನ್ನೂ ಬದಲಿಸಬಹುದು.

ಮೊದಲು ಏನು ಕಾಣುತ್ತಿದೆ ನೋಡಿ. ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ಸಾಕಣೆಯ ವಿಡಿಯೋ ಮಾಡುತ್ತೇನೆ. ನೂಲು ಬಿಚ್ಚುವ ಕಡೆ ಸದ್ದು ಜಾಸ್ತಿ, ಅಲ್ಲಿನವರು ಓದಿಯೇ ನೋಡುತ್ತಾರೆ. ಹಾಗಾಗಿ ಅಕ್ಷರ ಕೆಡುವ ಎರಡು ಬಗೆಯೂ ನನಗೆ ಚೆನ್ನಾಗಿ ಗೊತ್ತು.

ಬರೀ ???? ಕಂಡರೆ ಫೈಲ್ ANSI ಆಗಿ ಸೇವ್ ಆಗಿದೆ. ಅಕ್ಷರಗಳು ಆಗಲೇ ಹೋಗಿವೆ, ಆ ಫೈಲಿನಿಂದ ವಾಪಸ್ ಬರುವುದಿಲ್ಲ. ಮೂಲ ಬರಹವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು `Save as` ಒತ್ತಿ, `Encoding` ಜಾಗದಲ್ಲಿ `UTF-8` ಆರಿಸಿ.

"ಕನ್ನಡ" ಅನ್ನುವ ಕಡೆ `PÀ£ÀßqÀ` ಅಂತ ಕಂಡರೆ ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿದೆ, ಯೂನಿಕೋಡ್ ಅಲ್ಲ. ಇಲ್ಲಿ ಏನೂ ಕಳೆದಿಲ್ಲ, ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಸರಿಯಾಗುತ್ತದೆ. ಆದರೆ ಮಾತಿನ ಸಾಲುಗಳನ್ನು ಮಾತ್ರ ಹಾಕಿ. ನಾನು ಒಮ್ಮೆ ಇಡೀ ಫೈಲ್ ಹಾಕಿದ್ದೆ. ಸಮಯದ ಅಂಕಿಗಳೂ ೦೦:೦೦:೦೪ ಆಗಿಬಿಟ್ಟವು, ಯೂಟ್ಯೂಬ್ ಆ ಫೈಲನ್ನು ತೆಗೆದುಕೊಳ್ಳಲಿಲ್ಲ. ಫೈಲ್ ಕೊನೆಗೆ ಹೀಗಿರಬೇಕು:

```
1
00:00:04,000 --> 00:00:07,500
ನಾಲ್ಕನೇ ಜ್ವರ ಎದ್ದ ಮೇಲೆ
ಸೊಪ್ಪು ತಡ ಮಾಡಬಾರದು
```

ಸೆಕೆಂಡಿನ ಆಚೆ ಅಲ್ಪವಿರಾಮ, ಚುಕ್ಕಿ ಅಲ್ಲ. ಪ್ರತಿ ತುಂಡಿನ ನಡುವೆ ಒಂದು ಖಾಲಿ ಸಾಲು. ಹೆಸರು `.srt` ಅಂತಲೇ ಮುಗಿಯಬೇಕು, ನೋಟ್‌ಪ್ಯಾಡ್ ಕೆಲವೊಮ್ಮೆ ಸುಮ್ನೆ `.srt.txt` ಮಾಡಿಬಿಡುತ್ತದೆ.

ಸ್ಟುಡಿಯೋದಲ್ಲಿ ಆ ವಿಡಿಯೋದ `Subtitles` ತೆರೆದು ಹಳೆಯ ಸಬ್‌ಟೈಟಲ್ ಮಾತ್ರ ಅಳಿಸಿ. ಭಾಷೆ ಕನ್ನಡ ಇದೆಯಾ ನೋಡಿಕೊಂಡು ಫೈಲ್ ಹಾಕುವಾಗ `With timing` ಆರಿಸಿ. ಆಮೇಲೆ ಅದೇ ಖಾತೆಯಲ್ಲಿ ವಿಡಿಯೋ ತೆರೆದು, CC ಒತ್ತಿ, ಮೊಬೈಲಿನಲ್ಲೂ ಒಮ್ಮೆ ನೋಡಿ. ಉದ್ದ ಸಾಲು ಕಂಪ್ಯೂಟರಿನಲ್ಲಿ ಚೆನ್ನಾಗಿದ್ದು ಮೊಬೈಲಿನಲ್ಲಿ ಮೂರು ಸಾಲಾಗಿ ಹುಳುವಿನ ಚಿತ್ರವನ್ನೇ ಮುಚ್ಚಿಬಿಡುತ್ತದೆ.

ಥಂಬ್‌ನೇಲ್ ಸುಲಭ. 1280×720 ಅಳತೆ, 2 ಎಂಬಿಯೊಳಗಿನ ಜೆಪಿಜಿ ಸಾಕು. ಹಾಕುವ ಆಯ್ಕೆಯೇ ಕಾಣದಿದ್ದರೆ ಖಾತೆಯ ಫೋನ್ ನಂಬರ್ ದೃಢಪಡಿಸಿಲ್ಲ ಅಂತ ಅರ್ಥ. ಕೆಳಗಿನ ಬಲ ಮೂಲೆಯಲ್ಲಿ ಅಕ್ಷರ ಇಡಬೇಡಿ. ಅಲ್ಲಿ ವಿಡಿಯೋದ ಅವಧಿ ಬಂದು ಕೂರುತ್ತದೆ, ಕನ್ನಡದ ಒತ್ತಕ್ಷರ ಅದರ ಹಿಂದೆ ಮುಚ್ಚಿಹೋಗುತ್ತದೆ.