ಮೊದಲ ವಿಡಿಯೊದಲ್ಲಿ ‘ನಾನು ಯಾರು’ ಅಂತ ಹೇಗೆ ಹೇಳಲಿ?

*ಮೇಡಂ, ಎಂಟು ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೇನೆ, ವಾರಕ್ಕೆ ಮೂರು ನಾಲ್ಕು. ಅತ್ತೆಯಿಂದ ಕಲಿತದ್ದು, ಕೋರ್ಸ್ ಮಾಡಿಲ್ಲ. ಬೇರೆ ಕಡೆ ಹೊಲಿಸಿ ‘ಕೈ ಎತ್ತಿದರೆ ಮೇಲೆ ಹೋಗುತ್ತೆ’ ಅಂತ ಸರಿಮಾಡಿಸಲು ತರುವವರೇ ಜಾಸ್ತಿ. ಯೂಟ್ಯೂಬ್ ಚಾನೆಲ್ ಮಾಡು ಅಂತ ಮಗಳ ಹಟ. ಪರಿಚಯದ ಮಾತನ್ನೂ ಅವಳೇ ಬರೆದುಕೊಟ್ಟಳು: ‘ಫ್ಯಾಷನ್ ಡಿಸೈನಿಂಗ್‌ನಲ್ಲಿ ಪರಿಣತಿ ಪಡೆದಿರುವ ನಾನು ನಿಮಗೆ ಎಲ್ಲ ಬಗೆಯ ಹೊಲಿಗೆ ಕಲಿಸುತ್ತೇನೆ.’ ಅದು ಸುಳ್ಳು. ನಾನೇ ಬರೆದರೆ ‘ನನಗೆ ಅಷ್ಟೇನೂ ಗೊತ್ತಿಲ್ಲ, ತಪ್ಪಿದ್ದರೆ ಕ್ಷಮಿಸಿ’ ಅಂತ ಶುರುವಾಗುತ್ತದೆ. ನನಗೆ ಮೊದಲೇ ನಾಚಿಕೆ. ಏನು ಹೇಳಲಿ?*
*– ಓದುಗರು, ತುಮಕೂರು*

ನಿಮ್ಮ ಮಗಳು ಬರೆದದ್ದು ಸುಳ್ಳು, ಸರಿ. ಆದರೆ ನೀವು ಬರೆದದ್ದೂ ಸುಳ್ಳೇ ಅಲ್ವಾ? ಎಂಟು ವರ್ಷ ಹೊಲಿದವರಿಗೆ ‘ಅಷ್ಟೇನೂ ಗೊತ್ತಿಲ್ಲ’ ಅನ್ನುವುದು ವಿನಯದ ಮಾತು ಇರಬಹುದು, ನಿಜ ಅಲ್ಲ. ಕೇಳುವವರಿಗೆ ಎರಡರಿಂದಲೂ ಉಪಯೋಗವಿಲ್ಲ. ನಿಮ್ಮಿಂದ ಏನು ಕಲಿಯಬಹುದು ಅನ್ನುವುದು ಎರಡರಲ್ಲೂ ಇಲ್ಲ.

ಹಾಗಾಗಿ ಗುಣವಾಚಕಗಳನ್ನೆಲ್ಲ ಬಿಟ್ಟು ಲೆಕ್ಕದಿಂದ ಶುರು ಮಾಡೋಣ. ವಾರಕ್ಕೆ ಮೂರು ಬ್ಲೌಸ್ ಅಂತಲೇ ಹಿಡಿಯಿರಿ, ನಾಲ್ಕು ಬೇಡ. ಲಾಕ್‌ಡೌನ್, ಆಷಾಢ, ಊರಿಗೆ ಹೋದದ್ದು ಎಲ್ಲ ಕಳೆದು ವರ್ಷಕ್ಕೆ 40 ವಾರ ಮಾತ್ರ ಕೆಲಸ ಇತ್ತು ಅಂದುಕೊಳ್ಳಿ. ಎಂಟು ವರ್ಷಕ್ಕೆ 960 ಆಯಿತು. ಇಷ್ಟು ಬಿಗಿಹಿಡಿದು ಎಣಿಸಿದರೂ ‘ಸಾವಿರದ ಹತ್ತಿರ ಬ್ಲೌಸ್ ಹೊಲಿದಿದ್ದೇನೆ’ ಅಂತ ಧೈರ್ಯವಾಗಿ ಹೇಳಬಹುದು. ಅಳತೆ ಪುಸ್ತಕ ಇದ್ದರೆ ಒಮ್ಮೆ ತಾಳೆ ನೋಡಿ, ಕಡಿಮೆ ಬಂದರೆ ಆ ಸಂಖ್ಯೆಯನ್ನೇ ಹೇಳಿ. ‘ಪರಿಣತಿ’ ಅನ್ನುವಾಗ ನಿಮ್ಮ ದನಿ ನಡುಗುತ್ತದೆ, ಏಕೆಂದರೆ ಯಾರಾದರೂ ‘ಯಾರು ಹೇಳಿದ್ದು?’ ಅಂತ ಕೇಳಿಯಾರು ಅನ್ನುವ ಭಯ ಒಳಗೇ ಇರುತ್ತದೆ. ನೀವೇ ಎಣಿಸಿದ ಸಂಖ್ಯೆಗೆ ಆ ಭಯ ಇರುವುದಿಲ್ಲ.

ಕೋರ್ಸ್ ಮಾಡಿಲ್ಲ ಅನ್ನುವುದನ್ನು ಮುಚ್ಚಿಡಬೇಡಿ, ಅದಕ್ಕೆ ಕ್ಷಮೆಯನ್ನೂ ಕೇಳಬೇಡಿ. ‘ಅತ್ತೆ ಹತ್ರ ಕಲಿತೆ, ಕೋರ್ಸ್ ಮಾಡಿಲ್ಲ’ ಅಂತ ಹೇಳಿ ಮುಂದಿನ ಮಾತಿಗೆ ಹೋಗಿ. ‘ಆದರೂ ನನ್ನ ಕೈಲಾದಷ್ಟು…’ ಅಂತ ಬಾಲ ಸೇರಿಸಿದರೆ ಕೆಟ್ಟಿತು. ಬರದೇ ಇರುವುದನ್ನೂ ಹೀಗೇ ಹೇಳಬಹುದು. ಲೆಹೆಂಗಾ, ಗೌನ್ ನೀವು ಹೊಲಿಯದಿದ್ದರೆ ‘ಅವು ಇಲ್ಲಿ ಇರಲ್ಲ’ ಅಂದರಾಯಿತು. ಅದು ಚಾನೆಲ್‌ನ ಗಡಿ ಅಷ್ಟೇ.

ಇನ್ನು, ಯಾವುದು ಮೊದಲು ಬರಬೇಕು? ‘ನಮಸ್ಕಾರ ಸ್ನೇಹಿತರೇ, ನನ್ನ ಚಾನೆಲ್‌ಗೆ ಸ್ವಾಗತ’ ಬೇಡ. ನಿಮ್ಮ ಹೆಸರು ಗೊತ್ತಿಲ್ಲದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಪತ್ರದಲ್ಲೇ ಒಳ್ಳೆಯ ಶುರುವಾತು ಇದೆ: ಕೈ ಎತ್ತಿದರೆ ಮೇಲೆ ಹೋಗುವ ಬ್ಲೌಸ್. ಪತ್ರ ಓದುತ್ತಾ ಹೋದಾಗ ನಾನು ಒಂದು ಕ್ಷಣ ನಿಂತದ್ದು ಆ ಸಾಲಿನಲ್ಲಿ, ನನ್ನ ಬೀರುವಿನಲ್ಲೂ ಅಂಥವು ಇವೆ. ನಾನಾದರೆ ಹೀಗೆ ಬರೆಯುತ್ತಿದ್ದೆ:

“ಕೈ ಎತ್ತಿದ್ರೆ ಬ್ಲೌಸ್ ಮೇಲೆ ಬರುತ್ತಾ? ತಪ್ಪು ನಿಮ್ಮ ಮೈದಲ್ಲ. ಬಹಳ ಸಲ ಕಂಕುಳ ಹತ್ರ ಜಾಸ್ತಿ ಇಳಿಸಿ ಕತ್ತರಿಸಿರ್ತಾರೆ. ಇಲ್ಲಿ ನೋಡಿ.

ನಾನು ತುಮಕೂರಿನವಳು. 2017ರಿಂದ ಮನೇಲೇ ಬ್ಲೌಸ್ ಹೊಲೀತೀನಿ. ಸಾವಿರದ ಹತ್ರ ಹೊಲಿದಿದ್ದೀನಿ. ಅತ್ತೆ ಹತ್ರ ಕಲಿತೆ, ಕೋರ್ಸ್ ಮಾಡಿಲ್ಲ.

ಈ ಚಾನೆಲ್‌ನಲ್ಲಿ ಸೀರೆ ಬ್ಲೌಸ್ ಮಾತ್ರ. ಅಳತೆ ತಗೊಳ್ಳೋದು, ಕತ್ತರಿಸೋದು, ಸರಿ ಕೂರದೇ ಇರೋದನ್ನ ಬಿಚ್ಚಿ ಸರಿ ಮಾಡೋದು. ಲೆಹೆಂಗಾ, ಗೌನ್ ಇರಲ್ಲ, ಅವು ನಾನು ಹೊಲಿಯಲ್ಲ.

ನಿಮ್ಮ ಹತ್ರ ಸರಿ ಕೂರದ ಬ್ಲೌಸ್ ಒಂದಿದ್ರೆ ಮುಂದಿಟ್ಕೊಳ್ಳಿ. ಕಂಕುಳ ಸರಿ ಮಾಡೋ ವಿಡಿಯೊದಿಂದ ಶುರು ಮಾಡೋಣ.”

ನಿಧಾನವಾಗಿ ಓದಿದರೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ಕನ್ನಡದ ಪದಗಳು ಉದ್ದ. ಇಂಗ್ಲಿಷ್‌ನಲ್ಲಿ ನಿಮಿಷಕ್ಕೆ ಇಷ್ಟು ಪದ ಅಂತ ಯಾರೋ ಹೇಳಿದ ಲೆಕ್ಕ ಹಿಡಿದು ಬರೆದರೆ ಓಡಿಸಿಕೊಂಡು ಓದಬೇಕಾಗುತ್ತದೆ. ನೂರು ಪದ ದಾಟಿಸಬೇಡಿ.

ಈ ಬರಹದ ಎರಡು ಪದಗಳ ಬಗ್ಗೆ ಹೇಳಬೇಕು. ಒಂದು, ‘ಬಹಳ ಸಲ’. ಬ್ಲೌಸ್ ಮೇಲೆ ಹೋಗುವುದಕ್ಕೆ ತೋಳು ಬಿಗಿಯಾಗಿರುವುದೂ ಕಾರಣ ಇರಬಹುದು. ಅದಕ್ಕೇ ‘ಯಾವಾಗಲೂ’ ಅಂತ ಬರೆಯಲಿಲ್ಲ. ವಿಷಯದಲ್ಲೇ ಅನುಮಾನ ಇರುವಾಗ ಇಂಥ ಪದ ಬೇಕೇ ಬೇಕು. ಆದರೆ ‘ಹೊಲೀತೀನಿ ಅನ್ಸುತ್ತೆ’, ‘ಕಲಿಸಬಹುದೇನೋ’ ಇವು ನಾಚಿಕೆಯಿಂದ ಬರುವಂಥವು. ಅವನ್ನು ಹುಡುಕಿ ಹೊಡೆದುಹಾಕಿ. ಇನ್ನೊಂದು ‘2017ರಿಂದ’. ಚಾನೆಲ್‌ನ ಮುಖಪುಟದಲ್ಲಿ, ಇನ್ನೂ ಸಬ್‌ಸ್ಕ್ರೈಬ್ ಮಾಡದವರಿಗೆ ಕಾಣುವಂತೆ ಒಂದು ಪರಿಚಯದ ವಿಡಿಯೊ ಇಡಲು ಯೂಟ್ಯೂಬ್‌ನಲ್ಲಿ ಅವಕಾಶ ಇದೆ. ಅದು ವರ್ಷಗಟ್ಟಲೆ ಅಲ್ಲೇ ಕೂರಬಹುದು. ‘ಎಂಟು ವರ್ಷದಿಂದ’ ಅಂದರೆ ಮುಂದಿನ ವರ್ಷ ಅದು ತಪ್ಪಾಗುತ್ತದೆ. ‘ಇದು ನನ್ನ ಮೊದಲ ವಿಡಿಯೊ’ ಅಂದರೆ ಇನ್ನೂ ಬೇಗ ಹಳಸುತ್ತದೆ. ನೀವು ಶುರು ಮಾಡಿದ್ದು ಬೇರೆ ಇಸವಿಯಾದರೆ ಅದನ್ನೇ ಹಾಕಿ.

‘ಪ್ರತಿ ಭಾನುವಾರ ಹೊಸ ವಿಡಿಯೊ’ ಅಂತ ಮಾತು ಕೊಡಬೇಡಿ. ಮದುವೆ ಸೀಸನ್‌ನಲ್ಲಿ ನಿಮಗೆ ಆಗುವುದಿಲ್ಲ.

ಪರಿಚಯವನ್ನು ಮೊದಲು ಚಿತ್ರೀಕರಿಸಲೂ ಬೇಡಿ. ಕಂಕುಳ ಸರಿ ಮಾಡುವುದು, ಅಳತೆ, ಕತ್ತರಿಸುವುದು ಹೀಗೆ ಮೂರು ವಿಡಿಯೊ ಮಾಡಿ ಇಟ್ಟುಕೊಂಡ ಮೇಲೆ ಪರಿಚಯಕ್ಕೆ ಕೂರಿ. ಆಗ ನೀವು ಹೇಳುವ ಪಾಠ ಆಗಲೇ ಕೈಯಲ್ಲಿರುತ್ತದೆ, ಭರವಸೆ ಅಂತ ಏನೂ ಉಳಿದಿರುವುದಿಲ್ಲ. ಫೋನಿನ ಮುಂದೆ ಮಾತಾಡಿದ ರೂಢಿಯೂ ಸ್ವಲ್ಪ ಆಗಿರುತ್ತದೆ.

ಇನ್ನು ನಿಮ್ಮ ನಾಚಿಕೆಯ ವಿಷಯ. ಮೊದಲ ಭಾಗದಲ್ಲಿ ನಿಮ್ಮ ಮುಖವೇ ಬೇಡ. ಮಗಳು ಮೇಲಿಂದ ಫೋನ್ ಹಿಡಿಯಲಿ. ಮೇಜಿನ ಮೇಲೆ ಬಿಚ್ಚಿದ ಬ್ಲೌಸ್, ಕಂಕುಳ ಗೆರೆಯ ಮೇಲೆ ನಿಮ್ಮ ಸೀಮೆಸುಣ್ಣ, ಅಷ್ಟು ಸಾಕು. ದನಿಯನ್ನು ಆಮೇಲೆ, ಫ್ಯಾನ್ ಆರಿಸಿ ಬೇರೆಯಾಗಿ ರೆಕಾರ್ಡ್ ಮಾಡಿ ಸೇರಿಸಬಹುದು. ‘ನಾನು ತುಮಕೂರಿನವಳು’ ಅನ್ನುವಾಗ ಮುಖ ಬಂದರೆ ಸಾಕು. ಆ ಭಾಗ ಬರೀ ನಾಲ್ಕು ವಾಕ್ಯ.

ಆ ನಾಲ್ಕನ್ನು ಓದಬೇಡಿ. ನಾಚಿಕೆಯವರು ಹಾಳೆ ನೋಡಿ ಓದುವಾಗ ವಾಕ್ಯದ ಕೊನೆಗೆ ಉಸಿರು ಸಾಲದೆ ದನಿ ಇಳಿಸಿಬಿಡುತ್ತಾರೆ. ನಮ್ಮಲ್ಲಿ ಕ್ರಿಯಾಪದ ಇರುವುದೇ ಕೊನೆಯಲ್ಲಿ. ‘ಹೊಲಿದಿದ್ದೀನಿ’ ಅನ್ನುವುದೇ ಕೇಳದಿದ್ದರೆ ಉಳಿದದ್ದು ಕೇಳಿ ಏನು ಪ್ರಯೋಜನ? ಮಗಳು ಬರೆದ ‘ಪರಿಣತಿ ಪಡೆದಿರುವ ನಾನು…’ ಥರದ ಉದ್ದ ವಾಕ್ಯದ ತೊಂದರೆಯೂ ಇದೇ. ಪ್ರತಿ ವಾಕ್ಯವನ್ನೂ ಒಂದೇ ಉಸಿರಿಗೆ ಹೇಳಿ ನೋಡಿ, ಕೊನೆಯ ಪದ ಗಟ್ಟಿಯಾಗಿ ಬರದಿದ್ದರೆ ವಾಕ್ಯವನ್ನು ಎರಡು ಮಾಡಿ. ನಾನು ಬರೆದ ಪದ ನಿಮ್ಮ ಬಾಯಿಗೆ ಬರದಿದ್ದರೆ ಗಿರಾಕಿಗಳ ಹತ್ತಿರ ನೀವು ಆಡುವ ಮಾತನ್ನೇ ಹಾಕಿಕೊಳ್ಳಿ.

ಹಾಕುವ ಮುಂಚೆ ನಿಮ್ಮ ಹಳೇ ಗಿರಾಕಿ ಒಬ್ಬರಿಗೆ ತೋರಿಸಿ. ‘ಚೆನ್ನಾಗಿದೆಯಾ’ ಅಂತ ಕೇಳಿದರೆ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ‘ಇದರಲ್ಲಿ ಜಾಸ್ತಿ ಹೇಳಿದ್ದು ಏನಾದರೂ ಇದೆಯಾ, ನನಗೆ ಬರೋದನ್ನ ಬಿಟ್ಟಿದ್ದೀನಾ’ ಅಂತ ಕೇಳಿ. ಎರಡನೆಯ ಪ್ರಶ್ನೆಗೇ ಉತ್ತರ ಜಾಸ್ತಿ ಬರುತ್ತದೆ ಅಂತ ನನ್ನ ಊಹೆ.

ಹಾಕಿದ ಮೇಲೆ ಯೂಟ್ಯೂಬ್ ಸ್ಟುಡಿಯೊದಲ್ಲಿ ಎಷ್ಟು ಜನ ಎಲ್ಲಿಯವರೆಗೆ ನೋಡಿದರು ಅಂತ ತೋರಿಸುವ ಗ್ರಾಫಿನ ಗೆರೆ ಸಿಗುತ್ತದೆ. ಮೊದಲ ಕೆಲವು ಸೆಕೆಂಡಿನಲ್ಲಿ ಅದು ಎಲ್ಲರಿಗೂ ಇಳಿಯುತ್ತದೆ, ಗಾಬರಿ ಬೇಡ. ‘ನಾನು ತುಮಕೂರಿನವಳು’ ಅನ್ನುವ ಜಾಗದಲ್ಲಿ ಮತ್ತೆ ಧಡಕ್ಕನೆ ಇಳಿದಿದ್ದರೆ ಆ ಭಾಗವನ್ನು ಇನ್ನೂ ಕಿರಿದು ಮಾಡಿ. ಆದರೆ ನೋಡಿದವರು ಹತ್ತಿಪ್ಪತ್ತು ಜನ ಇರುವಾಗ ಆ ಗೆರೆಯನ್ನು ನಂಬಬೇಡಿ.

ಕೊನೆಗೊಂದು ವಿಷಯ. ಸಾವಿರದ ಲೆಕ್ಕಕ್ಕೆ ಸಾಕ್ಷಿ ಅಂತ ಅಳತೆ ಪುಸ್ತಕ ತೋರಿಸುವ ಆಸೆ ಬರಬಹುದು. ತೋರಿಸಿ, ಆದರೆ ಮುಚ್ಚಿದ ಪುಸ್ತಕ ಮಾತ್ರ. ಒಳಗಿರುವುದು ನಿಮ್ಮ ಬೀದಿಯ ಹೆಂಗಸರ ಹೆಸರು, ಫೋನ್ ನಂಬರ್, ಎದೆ ಸುತ್ತಳತೆ.

– ಸಂಪಾದಕಿ