ಪುಟ ಇಲ್ಲದ ಫೈಲ್, ಕೆಟ್ಟುಹೋದ ಫಾರ್ಮುಲಾ: ಏನಂತ ಹೇಳೋದು?

*ವಿದ್ಯಾರ್ಥಿನಿ ಅಪ್‌ಲೋಡ್ ಮಾಡಿದ ಲ್ಯಾಬ್ ರಿಪೋರ್ಟ್‌ನಲ್ಲಿ ಒಂದು ಪುಟ ಇಲ್ಲ, ಫಾರ್ಮುಲಾಗಳೂ ಏನೇನೋ ಅಕ್ಷರಗಳಾಗಿ ಕಾಣ್ತಿವೆ. ಇದ್ದಷ್ಟಕ್ಕೇ ಮಾರ್ಕ್ಸ್ ಹಾಕಿಬಿಡಲಾ, ಮತ್ತೆ ಕಳಿಸು ಅನ್ನಲಾ?*

ಪುಟ ಇಲ್ಲ ಅಂದ್ರೆ ಕೇಳಲೇಬೇಕು. ಫಾರ್ಮುಲಾ ಕೆಟ್ಟಿದ್ದರೆ ಮೊದಲು ಓದಲು ಪ್ರಯತ್ನಿಸಿ, ಎಷ್ಟೋ ಸಲ ಕೇಳುವ ಅಗತ್ಯವೇ ಬೀಳುವುದಿಲ್ಲ.

ನಾನು ಶಿರಸಿಯಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗಿ ಸರಳ ಲೋಲಕದ ರಿಪೋರ್ಟ್ ಕಳಿಸಿದ್ದಳು, ಲೆಕ್ಕದ ಭಾಗ ಟೈಪ್ ಮಾಡಿ, ಉಳಿದ ಪುಟಗಳನ್ನು ಪುಸ್ತಕದಿಂದ ಸ್ಕ್ಯಾನ್ ಮಾಡಿ. ಟೈಪ್ ಮಾಡಿದ ಭಾಗದಲ್ಲಿ ಹೀಗಿತ್ತು:

```
T = 2pÖ(l/g)
g = 4p2l/T2
```

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪತ್ರವನ್ನು ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ 'ಕನ್ನಡ' ಅನ್ನೋದು `PÀ£ÀßqÀ` ಅಂತ ಕಾಣುತ್ತದಲ್ವಾ, ಇಲ್ಲಿ ಆಗಿರುವುದೂ ಅದೇ. ಸಿಂಬಲ್ ಅನ್ನೋ ಹಳೆಯ ಫಾಂಟ್‌ನಲ್ಲಿ π ಕೂತಿರುವುದು p ಜಾಗದಲ್ಲಿ, √ ಕೂತಿರುವುದು Ö ಜಾಗದಲ್ಲಿ. ಫಾಂಟ್ ತಪ್ಪಿದರೆ ಕೆಳಗಿನ ಅಕ್ಷರ ಹೊರಗೆ ಬರುತ್ತದೆ. ಅಂದ್ರೆ ಮಾಹಿತಿ ಎಲ್ಲೂ ಹೋಗಿಲ್ಲ, ವೇಷ ಮಾತ್ರ ಬದಲಾಗಿದೆ. ಇದಕ್ಕೆ ಮತ್ತೆ ಕಳಿಸು ಅನ್ನುವುದು ಸುಮ್ನೆ ತೊಂದರೆ ಕೊಟ್ಟಂತೆ.

ಆದರೆ ಎರಡನೇ ಸಾಲಿನಲ್ಲಿ ಬೇರೆ ತರದ ನಷ್ಟ ಇದೆ. ವರ್ಗದ 2 ಮೇಲಿನಿಂದ ಕೆಳಗಿಳಿದಿದೆ. ಅದು π² ಇರಬಹುದು, ಅಥವಾ ಅವಳು π × 2 ಅಂತಲೇ ತಪ್ಪು ಬರೆದಿರಬಹುದು. ಅಕ್ಷರ ನೋಡಿದರೆ ಗೊತ್ತಾಗುವುದಿಲ್ಲ. ಆಗ ನಾನು ಅವಳದ್ದೇ ಲೆಕ್ಕಕ್ಕೆ ಹೋದೆ. ಉದ್ದ 0.80 ಮೀಟರ್, 20 ಆಂದೋಲನಕ್ಕೆ 35.9 ಸೆಕೆಂಡ್, ಅಂದರೆ T 1.795 ಸೆಕೆಂಡ್. ವರ್ಗ ಅಂತ ಓದಿ ಹಾಕಿದರೆ g 9.80 ಬರುತ್ತದೆ, ಅವಳು ಬರೆದ ಉತ್ತರವೂ 9.80. ಬೇರೆ ತರ ಓದಿದರೆ ಆ ಉತ್ತರ ಬರುವುದೇ ಇಲ್ಲ. ಹಾಗಾಗಿ ಅವಳು ಸರಿಯಾಗಿಯೇ ಬರೆದಿದ್ದಳು ಅಂತ ಒಪ್ಪಿಕೊಂಡೆ. ಅವಳ ಅಂಕಿಗಳು ಹೀಗೆ ಸಾಕ್ಷಿ ಹೇಳದಿದ್ದರೆ ನಾನು ಊಹಿಸುವುದಿಲ್ಲ, ಕೇಳುತ್ತೇನೆ.

ಇನ್ನೊಂದು ಜಾಗದಲ್ಲಿ ಜಾಸ್ತಿ ಹುಷಾರಾಗಿರಿ. ಅದೇ ಫಾಂಟ್‌ನಲ್ಲಿ ≥ ಚಿಹ್ನೆ ³ ಆಗಿ ಹೊರಬರುತ್ತದೆ. `x ³ 2` ಅಂತ ಕಂಡರೆ ಅದು ಕೆಟ್ಟಿದೆ ಅಂತಲೇ ಅನ್ನಿಸುವುದಿಲ್ಲ, ಘನ ಅಂತ ಓದಿ ಕೆಂಪು ಗೆರೆ ಎಳೆದುಬಿಡುತ್ತೇವೆ. ಚೌಕ ಚೌಕ ಕಂಡರೆ ಯಾರಿಗಾದರೂ ಗೊತ್ತಾಗುತ್ತದೆ. ಸರಿಯಾಗಿರುವಂತೆ ಕಾಣುವ ತಪ್ಪೇ ಮಕ್ಕಳ ಮಾರ್ಕ್ಸ್ ತಿನ್ನುವುದು.

ಇನ್ನು ಪುಟದ ವಿಷಯ. ಅವಳ ಫೈಲ್‌ನಲ್ಲಿ ನಾಲ್ಕನೇ ಪುಟ ಇರಲಿಲ್ಲ. ಮೂರನೆಯದರ ಕೊನೆಗೆ 'ಅಳತೆಗಳು ಕೆಳಗಿವೆ' ಅಂತ ಇದೆ, ಮುಂದೆ ನೇರವಾಗಿ ಗ್ರಾಫ್. ಮಾದರಿ ಲೆಕ್ಕದಲ್ಲಿ ಬಂದ ಒಂದು ಅಳತೆ ಬಿಟ್ಟರೆ ಉಳಿದ ಟೇಬಲ್ ಪೂರ್ತಿ ಇಲ್ಲ. ಫೋನ್ ಮಾಡಿದರೆ "ಸರ್, ನಮ್ಮಲ್ಲಿ ಕರೆಂಟ್ ಹೋದರೆ ಟವರೂ ಹೋಗ್ತದೆ, ಅಪ್‌ಲೋಡ್ ಅರ್ಧ ಆಗಿರಬೇಕು" ಅಂದಳು. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಅದು ದಿನಾ ಇರುವ ಕಥೆಯೇ, ಆದರೆ ಇಲ್ಲಿ ಕಾರಣ ಅದಲ್ಲ. ಪಿಡಿಎಫ್‌ನಲ್ಲಿ ಯಾವ ಪುಟ ಎಲ್ಲಿದೆ ಅನ್ನುವ ಪಟ್ಟಿ ಸಾಮಾನ್ಯವಾಗಿ ಫೈಲಿನ ಕೊನೆಯಲ್ಲಿರುತ್ತದೆ. ಅರ್ಧಕ್ಕೆ ನಿಂತ ಫೈಲ್ ತೆರೆಯುವುದೇ ಇಲ್ಲ, ತೆರೆದರೂ ಹೋಗುವುದು ಕೊನೆಯ ಪುಟಗಳು. ನಡುವಿನ ಒಂದೇ ಪುಟ ಹೋಗಿದೆ ಅಂದರೆ ಸ್ಕ್ಯಾನ್ ಮಾಡುವಾಗಲೇ ಎರಡು ಹಾಳೆ ಒಟ್ಟಿಗೆ ಮಗುಚಿರಬೇಕು. ಅವಳು ಸುಳ್ಳು ಹೇಳಿದಳು ಅಂತಲ್ಲ, ಅವಳಿಗೂ ಗೊತ್ತಿರಲಿಲ್ಲ. ಹಾಗಾಗಿ ಅದೇ ಫೈಲನ್ನು ಮತ್ತೆ ಕಳಿಸು ಅಂದರೆ ಅದೇ ತಪ್ಪು ಮತ್ತೆ ಬರುತ್ತದೆ.

ನಾನು ಕಳಿಸಿದ ಮೆಸೇಜ್ ಇಷ್ಟು:

"ತಂಗಿ, ನಿನ್ನ ರಿಪೋರ್ಟ್ ಬಂತು. ನನ್ನ ಫೋನ್‌ನಲ್ಲೂ ಕಂಪ್ಯೂಟರ್‌ನಲ್ಲೂ ನೋಡಿದೆ, 3ರ ನಂತರ ನೇರ 5ನೇ ಪುಟ ಇದೆ. ಅಳತೆಯ ಟೇಬಲ್ ಬಿಟ್ಟುಹೋಗಿದೆ. ಅಬ್ಸರ್ವೇಶನ್ ಪುಸ್ತಕದ ಆ ಪುಟದ ಫೋಟೋ ತೆಗೆದು ಕಳಿಸು, ನನ್ನ ಸಹಿ ಕಾಣುವಂತೆ. ಹೊಸದಾಗಿ ಬರೆಯಬೇಡ. ಫಾರ್ಮುಲಾ ಕೆಟ್ಟಿದ್ದರೂ ಓದಿಕೊಂಡಿದ್ದೇನೆ, ಅದಕ್ಕೆ ಮಾರ್ಕ್ಸ್ ಕಡಿಮೆ ಮಾಡಿಲ್ಲ. ಟೇಬಲ್‌ನ ಮಾರ್ಕ್ಸ್ ಮಾತ್ರ ಖಾಲಿ ಬಿಟ್ಟಿದ್ದೇನೆ, ಸೊನ್ನೆ ಹಾಕಿಲ್ಲ. ನೆಟ್‌ವರ್ಕ್ ಸಿಗದಿದ್ದರೆ ಸೋಮವಾರ ಪುಸ್ತಕವನ್ನೇ ತಾ."

ಸಹಿ ಕೇಳಿದ್ದಕ್ಕೆ ಕಾರಣ ಇದೆ. ಲ್ಯಾಬ್ ಮುಗಿದ ದಿನವೇ ಹಾಕಿದ ಸಹಿ ಅದು, ಅಳತೆಗಳು ಆವತ್ತಿನವೇ ಅಂತ ತೋರಿಸುತ್ತದೆ. ಆಮೇಲೆ ಯಾರೂ ಅವಳ ಮೇಲೆ ಬೆರಳು ತೋರಿಸುವಂತಿಲ್ಲ.

ಅವಳು ಸೋಮವಾರ ಪುಸ್ತಕ ತಂದಳು. ಮೂರು, ನಾಲ್ಕನೇ ಹಾಳೆಗಳು ಮಳೆಯ ತೇವಕ್ಕೆ ಅಂಟಿಕೊಂಡೇ ಇದ್ದವು. ಬಿಡಿಸಿ ನೋಡಿದರೆ ಐದು ಅಳತೆಗಳೂ ಇದ್ದವು, ಆವತ್ತೇ ಮಾರ್ಕ್ಸ್ ತುಂಬಿದೆ.