‘ರಾತ್ರಿ ಒಂಬತ್ತರವರೆಗೂ ಕೂತಿದ್ದೆ ಮೇಡಂ’

(ಹೆಸರು, ಅಂಕಿಗಳನ್ನು ಬದಲಿಸಿದ್ದೇನೆ.)

ಸುಮಾ ಅವರಿಗೆ 34 ವರ್ಷ. ಬೆಂಗಳೂರಿನ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಸಪ್ಲೈಯರ್‌ಗಳ ಬಿಲ್ ಪಾಸು ಮಾಡುವ ಕೆಲಸ. ಎರಡು ವರ್ಷದಿಂದ ಅಪ್ರೈಸಲ್‌ನಲ್ಲಿ ‘ಸಾಧಾರಣ’ ಅಂತಲೇ ಬಂದಿತ್ತು. ಈ ಏಪ್ರಿಲ್‌ನಲ್ಲಿ, ವರ್ಷದ ಕೆಲಸವನ್ನು ತಾವೇ ಬರೆದುಕೊಡಬೇಕಾದ ಅಪ್ರೈಸಲ್ ಫಾರ್ಮ್ ಅರ್ಧ ತುಂಬಿ ನನ್ನ ಹತ್ತಿರ ಬಂದರು.

“ದಿನವೂ ರಾತ್ರಿ ಒಂಬತ್ತರವರೆಗೆ ಕೆಲಸ ಮಾಡಿದ್ದೇನೆ. ದಿನಕ್ಕೆ ನೂರು ಮೇಲ್ ನೋಡಿದ್ದೇನೆ. ರಜೆಯಲ್ಲೂ ಫೋನ್ ತೆಗೆದಿದ್ದೇನೆ.” ಇಷ್ಟು ಓದುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು. “ಇದೆಲ್ಲ ಯಾರಿಗೂ ಕಾಣಲ್ವಾ ಮೇಡಂ?”

ಅವರ ದಣಿವು ನಿಜ. ಆದರೆ ಒಂಬತ್ತರವರೆಗೆ ಕೂತರು ಅಂದರೆ ಕೆಲಸ ಜಾಸ್ತಿ ಇತ್ತೋ, ನಿಧಾನವಾಯಿತೋ, ಓದುವವರಿಗೆ ಗೊತ್ತಾಗುವುದಿಲ್ಲ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿದೆ: “ಇದರಿಂದ ಏನು ಬದಲಾಯಿತು?”

ಮೇಲ್ ಬಗ್ಗೆ ಬರೆದ ಸಾಲಿಗೆ ಉತ್ತರವಿರಲಿಲ್ಲ, ಅದನ್ನು ತೆಗೆದೆವು. ಆಮೇಲೆ ಮೆಲ್ಲಗೆ ಹೇಳಿದರು, “ಸಣ್ಣ ಸಪ್ಲೈಯರ್‌ಗಳ ಹಳೇ ಬಿಲ್ ತೀರಿಸಿದೆ.”

ಅವರು ಬರೆಯದೇ ಬಿಟ್ಟಿದ್ದು ಇದನ್ನೇ! ಸಣ್ಣ ಉದ್ದಿಮೆಗಳಿಗೆ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಕೊಡಬೇಕು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ. 2023-24ರಿಂದ, ಗಡುವು ಮೀರಿದ ಬಿಲ್ ಮಾರ್ಚ್ 31ಕ್ಕೂ ಬಾಕಿ ಇದ್ದರೆ ಆ ವರ್ಷದ ತೆರಿಗೆ ಲೆಕ್ಕದಲ್ಲಿ ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ.

ಎರಡು ವರ್ಷದ ಮಾರ್ಚ್ 31ರ ಬಾಕಿ ಪಟ್ಟಿ ತೆಗೆದು ತರಲು ಹೇಳಿದೆ. ಹೋದ ವರ್ಷ ಗಡುವು ಮೀರಿದ ಬಿಲ್ 62, ಈ ವರ್ಷ 7. ಹೇಗಾಯಿತು ಅಂತ ಕೇಳಿದಾಗ ಕಾರಣ ಸಿಕ್ಕಿತು. ಬಹಳಷ್ಟು ಬಿಲ್ ನಿಂತಿದ್ದು ಸರಕು ಬಂದದ್ದನ್ನು ಸ್ಟೋರ್ಸ್‌ನವರು ಎಂಟ್ರಿ ಮಾಡದೆ. ಸುಮಾ ಪ್ರತಿ ಸೋಮವಾರ ಅಂಥ ಬಿಲ್‌ಗಳ ಪಟ್ಟಿ ಮಾಡಿ ಅವರಿಗೆ ಕಳಿಸುತ್ತಿದ್ದರು.

ಮೊದಲು “ಶೇ. 90ರಷ್ಟು ಸುಧಾರಣೆ ತಂದೆ” ಅಂತ ಬರೆದರು. ಅದನ್ನು ತಡೆದೆ. ಶೇಕಡಾ ಬರೆದರೆ ಎಷ್ಟರಲ್ಲಿ ಎಷ್ಟು ಅನ್ನೋದು ಮುಚ್ಚಿಹೋಗುತ್ತದೆ. ಸ್ಟೋರ್ಸ್‌ನವರ ಪಾಲನ್ನೂ ಬಿಟ್ಟಿದ್ದರು. ಮ್ಯಾನೇಜರ್ ಹೋಗಿ ಸ್ಟೋರ್ಸ್‌ನವರನ್ನೇ ಕೇಳಿದರೆ ಇಡೀ ಫಾರ್ಮ್ ಮೇಲೆ ನಂಬಿಕೆ ಹೋಗುತ್ತಿತ್ತು. ಕೊನೆಗೆ ಹೀಗೆ ಬರೆದರು:

“ಸಣ್ಣ ಉದ್ದಿಮೆಗಳ ಗಡುವು ಮೀರಿದ ಬಿಲ್ ಹೋದ ವರ್ಷ ಮಾರ್ಚ್ 31ಕ್ಕೆ 62 ಇದ್ದವು, ಈ ವರ್ಷ 7. ಎಂಟ್ರಿ ಆಗದ ಬಿಲ್‌ಗಳನ್ನು ನಾನು ವಾರವಾರ ಪಟ್ಟಿ ಮಾಡಿದೆ, ಸ್ಟೋರ್ಸ್‌ನವರು ಎಂಟ್ರಿ ಮುಗಿಸಿದರು. ಉಳಿದ 7ರಲ್ಲಿ ಸರಕಿನ ಗುಣಮಟ್ಟದ ತಕರಾರಿದೆ.”

ರಾತ್ರಿ ಒಂಬತ್ತರ ಮಾತು ಬಿಡಬೇಕಾ ಅಂತ ಕೇಳಿದರು. ಈ ಫಾರ್ಮ್‌ನಲ್ಲಿ ಬೇಡ ಅಂದೆ. ಒಬ್ಬರೇ ತಿಂಗಳಿಗೆ ಎಷ್ಟು ಬಿಲ್ ನೋಡುತ್ತಾರೆ ಅಂತ ಬರೆದುಕೊಂಡು, ಇನ್ನೊಬ್ಬರು ಬೇಕು ಅಂತ ಬೇರೆಯಾಗಿಯೇ ಮಾತಾಡಲು ಹೇಳಿದೆ. ರೇಟಿಂಗ್ ಇನ್ನೂ ಬಂದಿಲ್ಲ. ಆದರೆ ಮೀಟಿಂಗ್‌ನಲ್ಲಿ ಮ್ಯಾನೇಜರ್ ಮೊದಲು ಕೇಳಿದ್ದು ಆ ಏಳು ಬಿಲ್ ಬಗ್ಗೆಯಂತೆ. ಸುಮಾ ಒಂದೊಂದನ್ನೂ ಬಿಡಿಸಿ ಹೇಳಿದರು.